ಕ್ಲೇಮ್ ಬಂದ ಕೂಡಲೇ ಕೌಂಟರ್ ನೋಟಿಸ್ ಬೇಡ
"ಇನ್ನೂರು ವರ್ಷ ಹಳೆಯ ಪಿಯಾನೋ ಸಂಗೀತವನ್ನು ನಾನೇ ನುಡಿಸಿ ಯೂಟ್ಯೂಬ್‌ಗೆ ಹಾಕಿದೆ. ಕಾಪಿರೈಟ್ ಅಂತ ಬ್ಲಾಕ್ ಮಾಡಿದ್ದಾರೆ. ಕೌಂಟರ್ ನೋಟಿಸ್ ಕಳಿಸಿಬಿಡಲಾ?"

ಸ್ವಲ್ಪ ತಡೀರಿ. ಕೌಂಟರ್ ನೋಟಿಸ್ ಅಂದರೆ ಕಾಪಿರೈಟ್ ದೂರಿನ ಮೇಲೆ ತೆಗೆದುಹಾಕಿದ ವಿಡಿಯೋವನ್ನು ವಾಪಸ್ ಹಾಕಿ ಅಂತ ಕೇಳುವ ಕಾನೂನು ಅರ್ಜಿ. ಮೊದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವಿಡಿಯೋದ ಕಾಪಿರೈಟ್ ವಿವರ ತೆಗೆದು ನೋಡಿ. Content ID ಕ್ಲೇಮ್ ಅಂತಿದ್ದರೆ ಕೌಂಟರ್ ನೋಟಿಸ್‌ಗೆ ಇನ್ನೂ ಜಾಗವೇ ಇಲ್ಲ. ಅದು ಯೂಟ್ಯೂಬ್‌ನ ಯಂತ್ರ ಹಿಡಿದ ಹೋಲಿಕೆ ಅಷ್ಟೇ, ಚಾನೆಲ್ ಮೇಲೆ ಬೀಳುವ ಸ್ಟ್ರೈಕ್ ಎಂಬ ಎಚ್ಚರಿಕೆ ಅಲ್ಲ. ಒಂದೇ ರಚನೆಯನ್ನು ಇಬ್ಬರು ನುಡಿಸಿದರೆ ಸ್ವರಗಳು ಒಂದೇ ಇರ್ತವೆ, ಹಾಗಾಗಿ ನಿಮ್ಮದನ್ನು ಯಾವುದೋ ಕಂಪನಿಯ ರೆಕಾರ್ಡಿಂಗ್ ಅಂದುಕೊಳ್ಳುತ್ತದೆ. ಹಳೆಯ ಸಂಗೀತ ನುಡಿಸುವವರಿಗೆ ಇದು ಮಾಮೂಲಿ ಕಾಟ.

ಇಲ್ಲಿ ಹಾಕಬೇಕಾದ್ದು ಡಿಸ್ಪ್ಯೂಟ್, ಅಂದರೆ ಕ್ಲೇಮ್ ತಪ್ಪು ಅನ್ನುವ ಆಕ್ಷೇಪ. ಕಾರಣ ಚಿಕ್ಕದಾಗಿ, ಸ್ಪಷ್ಟವಾಗಿರಲಿ: "ಈ ರಚನೆಯ ಕಾಪಿರೈಟ್ ಅವಧಿ ಮುಗಿದಿದೆ. ನುಡಿಸಿದ್ದೂ ರೆಕಾರ್ಡ್ ಮಾಡಿದ್ದೂ ನಾನೇ. ಬೇರೆಯವರ ರೆಕಾರ್ಡಿಂಗ್ ಬಳಸಿಲ್ಲ." "ಕ್ರೆಡಿಟ್ ಕೊಟ್ಟಿದ್ದೇನೆ", "ದುಡ್ಡು ಮಾಡ್ತಿಲ್ಲ" ಅಂತೆಲ್ಲ ಬರೆದರೆ ಪ್ರಯೋಜನವಿಲ್ಲ. ಒಂದು ಮಾತು: ನೀವು ನುಡಿಸಿದ್ದು ಇತ್ತೀಚೆಗೆ ಯಾರೋ ಹೊಸದಾಗಿ ಹೊಂದಿಸಿದ ರೂಪವಾದರೆ ಅದಕ್ಕೆ ಅವರ ಹಕ್ಕು ಇರಬಹುದು. ಅದನ್ನು ಮೊದಲೇ ನೋಡಿಕೊಳ್ಳಿ.

ಉತ್ತರ ಕೊಡಲು ಕ್ಲೇಮ್ ಹಾಕಿದ ಎದುರಿನವರಿಗೆ 30 ದಿನ ಇದೆ. ಸುಮ್ನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಒಪ್ಪದಿದ್ದರೆ ನೀವು ಅಪೀಲ್ ಹಾಕಬಹುದು, ಆಗ ಅವರಿಗೆ 7 ದಿನ ಮಾತ್ರ. ಅಲ್ಲಿಗೂ ಬಿಡಲ್ಲ ಅಂದರೆ ಅವರಿಗೆ ಉಳಿಯುವುದು ಕಾನೂನಿನ ಪ್ರಕಾರ ವಿಡಿಯೋ ತೆಗೆಸುವ ಕೋರಿಕೆ. ಆಗ ವಿಡಿಯೋ ಹೋಗುತ್ತದೆ, ನಿಮ್ಮ ಚಾನೆಲ್‌ಗೆ ಸ್ಟ್ರೈಕ್ ಬೀಳುತ್ತದೆ.

ಕೌಂಟರ್ ನೋಟಿಸ್ ಕೆಲಸಕ್ಕೆ ಬರುವುದು ಈ ಹಂತದಲ್ಲಿ. ಇದು ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾಯ್ದೆಯ ದಾರಿ. ನಿಮ್ಮ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್, ತೆಗೆದ ವಿಡಿಯೋದ ಲಿಂಕ್, ಸಹಿ ಬೇಕು. ತಪ್ಪಾಗಿ ಗುರುತಿಸಿ ತೆಗೆದಿದ್ದಾರೆ ಎಂದು ನಂಬಿದ್ದೇನೆ, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಅನ್ನುವ ಹೇಳಿಕೆ ಬೇಕು. ಅಮೆರಿಕದ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆಯನ್ನೂ ಕೊಡಬೇಕು, ಬೇರೆ ದೇಶದಲ್ಲಿದ್ದರೂ ಅಷ್ಟೇ. ನೋಟಿಸ್ ನಿಮ್ಮ ವಿಳಾಸದ ಸಮೇತ ಎದುರಿನವರ ಕೈ ಸೇರುತ್ತದೆ. ಜನ ಇದನ್ನು ಗಮನಿಸೋದೇ ಇಲ್ಲ.

ಆಮೇಲೆ ಅಮೆರಿಕದ ಲೆಕ್ಕದಲ್ಲಿ 10 ಕೆಲಸದ ದಿನ ಕಾಯಬೇಕು. ಅಷ್ಟರಲ್ಲಿ ಅವರು ಕೇಸು ಹಾಕಿ ದಾಖಲೆ ತೋರಿಸದಿದ್ದರೆ ವಿಡಿಯೋ ವಾಪಸ್ ಬರುತ್ತದೆ, ಸ್ಟ್ರೈಕೂ ಹೋಗುತ್ತದೆ. ಯಾರದು ಸರಿ ಅಂತ ಯೂಟ್ಯೂಬ್ ತೀರ್ಪು ಕೊಡುವುದಿಲ್ಲ, ಅದು ಕೋರ್ಟಿನ ಕೆಲಸ. ಗಾಬರಿಯಲ್ಲಿ ವಿಡಿಯೋ ಡಿಲೀಟ್ ಮಾಡಬೇಡಿ, ಹಾಗೆ ಮಾಡಿದರೆ ಸ್ಟ್ರೈಕ್ ಹೋಗುವುದಿಲ್ಲ.

ನಿಮ್ಮ ವಿಷಯದಲ್ಲಿ ಡಿಸ್ಪ್ಯೂಟ್‌ನಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ ಅಂತ ನನ್ನ ಅನಿಸಿಕೆ. ನುಡಿಸುವಾಗ ಕೈ ಕಾಣುವ ಹಾಗೆ ತೆಗೆದ ಮೂಲ ಫೈಲ್ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ.