ಮ್ಯಾನುಯಲ್‌ನಲ್ಲಿ ಎಲ್ಲಾ ‘ಮಾಡಲ್ಪಡಬೇಕು’ ಅಂತಲೇ ಇದೆ, ಫೀಲ್ಡ್ ಹುಡುಗರಿಗೆ ಚಿಕ್ಕ ಸ್ಟೆಪ್ ಮಾಡಿಕೊಡೋದು ಹೇಗೆ?

ಮೊದಲು ವಾಕ್ಯದೊಳಗಿನ ಕೆಲಸಗಳನ್ನು ಎಣಿಸಿ, ಆಮೇಲೆ ಕೈ ಆಡುವ ಕ್ರಮದಲ್ಲಿ ಜೋಡಿಸಿ. ಚನ್ನಗಿರಿ ಕಡೆ ಅಡಿಕೆ ತೋಟದ ಬೋರ್‌ವೆಲ್ ಮೋಟರ್‌ಗಳಿಗೆ ನಾನು ಬರೆದುಕೊಟ್ಟದ್ದು ನೋಡಿ. ಮೂಲ ಹೀಗಿತ್ತು: ‘ಸಪ್ಲೈ ಕಡಿತಗೊಳಿಸಲ್ಪಟ್ಟು, ಕೇಬಲ್ ಬೇರ್ಪಡಿಸಲ್ಪಟ್ಟ ನಂತರವೇ ಇನ್ಸುಲೇಶನ್ ಪರೀಕ್ಷಿಸಲ್ಪಡಬೇಕು.’ ಯಾರು ಕಡಿತ ಮಾಡಬೇಕು? ಇದರಲ್ಲಿ ಗೊತ್ತೇ ಆಗಲ್ಲ, ರೈತರೇ ಆಫ್ ಮಾಡಿರುತ್ತಾರೆ ಅಂತ ಹುಡುಗ ಅಂದುಕೊಳ್ಳುತ್ತಾನೆ. ಅದನ್ನು ನಾನು ಹೀಗೆ ಬಿಡಿಸಿದೆ:

1. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ.
2. ಮೂರೂ ಫೇಸ್‌ನಲ್ಲಿ ಕರೆಂಟ್ ಇಲ್ಲ ಅಂತ ಮೀಟರ್‌ನಿಂದ ನೋಡಿ.
3. ಮೋಟರ್ ಕೇಬಲ್ ವೈರ್‌ಗಳನ್ನು ಪ್ಯಾನೆಲ್‌ನಿಂದ ಬಿಚ್ಚಿ.
4. ಪ್ರತಿ ವೈರ್‌ಗೂ ಅರ್ತ್‌ಗೂ ನಡುವೆ ಇನ್ಸುಲೇಶನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಚ್ಚಿ, ರೀಡಿಂಗ್ ಬರೆದುಕೊಳ್ಳಿ.
5. ರೀಡಿಂಗ್ ಮ್ಯಾನುಯಲ್ ಮಿತಿಗಿಂತ ಕಡಿಮೆ ಇದ್ದರೆ ಮೋಟರ್ ಚಾಲೂ ಮಾಡಬೇಡಿ.

ಎರಡನೇ ಸ್ಟೆಪ್ ಮೂಲದಲ್ಲಿ ಇರಲೇ ಇಲ್ಲ, ಸರ್ವಿಸ್ ಇಂಜಿನಿಯರ್ ಹತ್ತಿರ ಕೇಳಿ ಸೇರಿಸಿದೆ. ಇಂಥದ್ದನ್ನು ಸುಮ್ನೆ ನಾವೇ ಊಹಿಸಬಾರದು. ಐದನೇ ಸ್ಟೆಪ್‌ನಲ್ಲಿ ‘ಮ್ಯಾನುಯಲ್ ಮಿತಿ’ ಅನ್ನೋ ಕಡೆ ಮ್ಯಾನುಯಲ್‌ನ ಅಂಕಿಯನ್ನೇ ಹಾಕಿ, ತೋಟದಲ್ಲಿ ನಿಂತು ಪುಟ ತಿರುವೋಕೆ ಆಗಲ್ಲ ಅಲ್ವಾ. ಮೂರನೇ ಸ್ಟೆಪ್ ಮಾಡದೇ ಹೋದರೆ ಮೆಗ್ಗರ್ ವೋಲ್ಟೇಜ್ ಪ್ಯಾನೆಲ್‌ನ ಎಲೆಕ್ಟ್ರಾನಿಕ್ ಕಾರ್ಡ್‌ಗೆ ಹೋಗಿ ಅದು ಸುಡಬಹುದು, ಆದ್ದರಿಂದ ಆ ಎಚ್ಚರಿಕೆಯನ್ನು ನಾಲ್ಕನೇ ಸ್ಟೆಪ್‌ಗೆ ಮುಂಚೆಯೇ ಬರೆಯಿರಿ.