ಭಾನುವಾರ ರಾತ್ರಿ ಕಳಿಸಿದ ಎರಡು ಸಾವಿರ ಯಾವ ದಾರಿಯಲ್ಲಿ ಹೋಯಿತು?

ಪ್ರಶ್ನೆ: ನನ್ನ ಖಾತೆ ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿದೆ, ತಮ್ಮನದು ಬೆಂಗಳೂರಿನಲ್ಲಿ, ಬೇರೆ ಬ್ಯಾಂಕು. ಭಾನುವಾರ ರಾತ್ರಿ ಹತ್ತಕ್ಕೆ ಎರಡು ಸಾವಿರ ರೂಪಾಯಿ ಯುಪಿಐ ಮಾಡಿದರೂ ತಕ್ಷಣ ಮುಟ್ಟುತ್ತದೆ. ಬ್ಯಾಂಕು ಬಾಗಿಲು ಹಾಕಿರುವಾಗ ಇದು ಹೇಗೆ? ಒಮ್ಮೆ ಮಾತ್ರ ನನ್ನಲ್ಲಿ ಕಡಿತವಾಗಿ ಅವನಿಗೆ ಸೇರಲಿಲ್ಲ. ಆಗ ದುಡ್ಡು ಎಲ್ಲಿತ್ತು?

ಉತ್ತರ: ಆ ಕೆಲವು ಸೆಕೆಂಡುಗಳಲ್ಲಿ ಓಡಾಡುವುದು ಸಂದೇಶಗಳು ಮಾತ್ರ. ಎರಡೂ ಬ್ಯಾಂಕುಗಳು ತಮ್ಮ ತಮ್ಮ ಲೆಕ್ಕದಲ್ಲಿ ಒಂದೊಂದು ನಮೂದು ಮಾಡಿಕೊಳ್ಳುತ್ತವೆ. ತಮ್ಮಿಬ್ಬರ ನಡುವಿನ ಬಾಕಿಯನ್ನು ಆಮೇಲೆ ತೀರಿಸಿಕೊಳ್ಳುತ್ತವೆ. ಶಾಖೆಯ ಬಾಗಿಲು ಹಾಕಿದ್ದರೂ ಬ್ಯಾಂಕಿನ ಕೇಂದ್ರ ಗಣಕಯಂತ್ರ ಎಚ್ಚರವಾಗಿಯೇ ಇರುತ್ತದೆ, ಈ ನಮೂದಿಗೆ ಅಷ್ಟು ಸಾಕು.

ಈ ಸಂದೇಶಗಳ ನಡುವೆ ನಿಂತಿರುವುದು ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಅದು 2010ರಲ್ಲಿ ತಂದ ಐಎಂಪಿಎಸ್ ಎಂಬ ತ್ವರಿತ ವರ್ಗಾವಣೆ ವ್ಯವಸ್ಥೆಯ ತಳಹದಿಯ ಮೇಲೆಯೇ 2016ರಲ್ಲಿ ಯುಪಿಐ ಬಂದಿತು. ನೀವು ತಮ್ಮನ ಯುಪಿಐ ವಿಳಾಸಕ್ಕೆ 2,000 ರೂಪಾಯಿ ಕಳುಹಿಸಲು ಹೊರಟಾಗ, ಆ ವಿಳಾಸದಲ್ಲಿ `@` ಚಿಹ್ನೆಯ ನಂತರ ಬರುವ ಭಾಗವನ್ನು ನೋಡಿ, ಈ ವಿಳಾಸ ಯಾರ ಬಳಿ ನೋಂದಣಿಯಾಗಿದೆ ಎಂಬುದನ್ನು ಎನ್‌ಪಿಸಿಐ ಗುರುತಿಸುತ್ತದೆ ಮತ್ತು ಅದರ ಹಿಂದಿರುವ ನಿಜವಾದ ಖಾತೆ ಯಾವುದೆಂದು ಅವರನ್ನೇ ಕೇಳಿ ತಿಳಿದುಕೊಳ್ಳುತ್ತದೆ. ಆ ಖಾತೆ ಸಂಖ್ಯೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನೀವು ಒತ್ತುವ ಪಿನ್ ಕೂಡ ಹಾಗೆಯೇ: ಪಿನ್ ಕೇಳುವ ಪುಟ ಆ್ಯಪ್‌ನವರದಲ್ಲ, ಎನ್‌ಪಿಸಿಐ ಕೊಟ್ಟದ್ದು. ಅದು ಫೋನಿನಲ್ಲಿಯೇ ಗೂಢಲಿಪಿಯಾಗಿ ಹೊರಡುತ್ತದೆ, ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ನಿಮ್ಮ ಬ್ಯಾಂಕು.

ಇಲ್ಲಿಂದ ಮುಂದಿನ ಕ್ರಮ ಮುಖ್ಯ. ಎನ್‌ಪಿಸಿಐ ಮೊದಲು ನಿಮ್ಮ ಬ್ಯಾಂಕಿಗೆ ‘2,000 ಕಡಿತ ಮಾಡಿ’ ಎನ್ನುತ್ತದೆ. ಪಿನ್ ಮತ್ತು ಶಿಲ್ಕು ಸರಿಯಿದ್ದು ‘ಆಯಿತು’ ಎಂಬ ಉತ್ತರ ಬಂದ ಮೇಲೆ ಮಾತ್ರ ತಮ್ಮನ ಬ್ಯಾಂಕಿಗೆ ‘ಜಮೆ ಮಾಡಿ’ ಎಂಬ ಸಂದೇಶ ಹೋಗುತ್ತದೆ. ಅಲ್ಲಿಂದಲೂ ‘ಆಯಿತು’ ಎಂದು ಬಂದರೆ ಇಬ್ಬರ ಫೋನಿಗೂ ಸುದ್ದಿ ಮುಟ್ಟುತ್ತದೆ.

ಆದರೆ ತಮ್ಮನ ಬ್ಯಾಂಕು ಆ ರಾತ್ರಿ ಅವನಿಗೆ ಜಮೆ ಮಾಡಿದ್ದು ಇನ್ನೂ ತನ್ನ ಕೈಗೆ ಬಾರದ ಹಣವನ್ನು. ಎನ್‌ಪಿಸಿಐ ದಿನಕ್ಕೆ ಹಲವು ಸುತ್ತು ಎಲ್ಲ ಬ್ಯಾಂಕುಗಳ ಕೊಡು-ಕೊಳ್ಳುವಿಕೆಯನ್ನು ಕೂಡಿಸಿ ಕಳೆಯುತ್ತದೆ. ಎರಡೇ ಬ್ಯಾಂಕುಗಳಿವೆ ಎಂದುಕೊಳ್ಳಿ: ಒಂದು ಸುತ್ತಿನಲ್ಲಿ ನಿಮ್ಮ ಬ್ಯಾಂಕಿನ ಗ್ರಾಹಕರು ಆ ಕಡೆಗೆ 80 ಕೋಟಿ ಕಳುಹಿಸಿದ್ದರೆ, ಆ ಕಡೆಯಿಂದ 77 ಕೋಟಿ ಬಂದಿದ್ದರೆ, ನಿಜವಾಗಿ ಕೈಬದಲಾಗಬೇಕಾದದ್ದು 3 ಕೋಟಿ ಮಾತ್ರ. ಅದು ರಿಸರ್ವ್ ಬ್ಯಾಂಕಿನಲ್ಲಿ ಎರಡೂ ಬ್ಯಾಂಕುಗಳು ಇಟ್ಟಿರುವ ಖಾತೆಗಳ ನಡುವೆ ತೀರುತ್ತದೆ. ನಿಮ್ಮ ಎರಡು ಸಾವಿರ ಆ ಮೊತ್ತದಲ್ಲೆಲ್ಲೋ ಕರಗಿರುತ್ತದೆ. ನಮ್ಮ ಸಂತೆಯ ವ್ಯಾಪಾರಿಗಳು ಸಂಜೆಗೆ ಪರಸ್ಪರ ಬಾಕಿ ವಜಾ ಹಾಕಿಕೊಂಡು ಉಳಿದದ್ದನ್ನಷ್ಟೇ ಎಣಿಸಿಕೊಡುವ ಪದ್ಧತಿಗಿಂತ ಇದು ತತ್ತ್ವದಲ್ಲಿ ಬೇರೆಯಲ್ಲ. ನಡುವೆ ಒಂದು ಬ್ಯಾಂಕು ಕೈಯೆತ್ತಿದರೆ ಎಂಬ ಭಯಕ್ಕೆ, ಪ್ರತಿ ಬ್ಯಾಂಕೂ ಎಷ್ಟರ ಮಟ್ಟಿಗೆ ಬಾಕಿ ಬೆಳೆಸಬಹುದು ಎಂಬ ಮಿತಿಯೂ ಒಂದು ಖಾತರಿ ನಿಧಿಯೂ ಇವೆ.

ಇನ್ನು ಸೇರದೆ ಹೋದ ಹಣದ ವಿಚಾರ. ತಮ್ಮನ ಬ್ಯಾಂಕು ‘ಆಗುವುದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿದರೆ ತೊಂದರೆಯಿಲ್ಲ, ನಿಮ್ಮ ಬ್ಯಾಂಕಿಗೆ ಕೂಡಲೇ ‘ವಾಪಸು ಹಾಕಿ’ ಎಂಬ ಸಂದೇಶ ಹೋಗುತ್ತದೆ. ಕಷ್ಟವಾಗುವುದು ಅದು ಏನೂ ಹೇಳದೆ ಸುಮ್ಮನಾದಾಗ. ಜಮೆ ಮಾಡಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ, ಜಮೆಯೇ ಆಗಲಿಲ್ಲವೋ ಯಾರಿಗೂ ತಿಳಿಯದು. ಆತುರದಿಂದ ನಿಮಗೆ ಹಿಂದಿರುಗಿಸಿದರೆ, ಅತ್ತ ಜಮೆಯೂ ಆಗಿದ್ದ ಪಕ್ಷದಲ್ಲಿ, ಒಂದೇ ಹಣ ಎರಡು ಕಡೆ ಸಿಕ್ಕಂತಾಗುತ್ತದೆ. ಆದ್ದರಿಂದ ಇಂಥ ವ್ಯವಹಾರವನ್ನು ಆಗಿದೆಯೆಂದೇ ಭಾವಿಸಿ ಆ ಸುತ್ತಿನ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಮುಂದೆ ತಮ್ಮನ ಬ್ಯಾಂಕು ಎನ್‌ಪಿಸಿಐ ಕೊಟ್ಟ ಪಟ್ಟಿಯನ್ನು ತನ್ನ ಪುಸ್ತಕದೊಡನೆ ತಾಳೆ ನೋಡಿ, ಜಮೆ ಆಗದಿದ್ದರೆ ಆಗ ಜಮೆ ಮಾಡಬೇಕು, ಇಲ್ಲವೇ ಹಿಂದಿರುಗಿಸಬೇಕು. ಅಂದರೆ ನಿಮ್ಮ ಹಣ ಆಗ ಬಹುಮಟ್ಟಿಗೆ ತಮ್ಮನ ಬ್ಯಾಂಕಿನ ಪಾಲಿಗೆ ಬಂದಿದ್ದು, ತಮ್ಮನ ಹೆಸರಿಗೆ ಮಾತ್ರ ಏರಿರಲಿಲ್ಲ.

ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ಹೀಗೆ ಸಿಕ್ಕಿಕೊಂಡರೆ ವ್ಯವಹಾರದ ಮರುದಿನದೊಳಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ. ಅಂಗಡಿಗೆ ಮಾಡಿದ ಪಾವತಿಗೆ ಈ ಗಡುವು ಐದು ದಿನ. ಆ್ಯಪ್‌ನಲ್ಲಿ ‘ಪೆಂಡಿಂಗ್’ ಎಂದಿರುವಾಗ ಇನ್ನೊಮ್ಮೆ ಕಳುಹಿಸಬೇಡಿ, ಎರಡೂ ಮುಟ್ಟುವ ಸಂಭವವಿದೆ. ದೂರು ಕೊಡುವಾಗ ಆ ವ್ಯವಹಾರದ ವಿವರದಲ್ಲಿರುವ 12 ಅಂಕಿಗಳ ಉಲ್ಲೇಖ ಸಂಖ್ಯೆಯನ್ನು ಬರೆದುಕೊಡಿ. ಎರಡೂ ಬ್ಯಾಂಕುಗಳ ಪುಸ್ತಕದಲ್ಲಿ ಆ ಎರಡು ಸಾವಿರಕ್ಕೆ ಇರುವುದು ಅದೇ ಸಂಖ್ಯೆ. ತಮ್ಮನೂ ಅದನ್ನೇ ಹಿಡಿದು ತನ್ನ ಬ್ಯಾಂಕಿನಲ್ಲಿ ವಿಚಾರಿಸಬಹುದು.