ಕಾರಿನ ಉದ್ದ ಗೊತ್ತು, ಎರಡು ಫ್ರೇಮ್ ಇವೆ: ವೇಗ 54 ಬರುತ್ತೆ, 67 ಕೂಡ ಬರುತ್ತೆ. ಯಾವುದು ಸರಿ?

ಪ್ರಶ್ನೆ: ನಮ್ಮ ಬೀದಿಯ ಸಿಸಿಟಿವಿಯಲ್ಲಿ ಒಂದು ಸ್ವಿಫ್ಟ್ ಓರೆಯಾಗಿ ದೂರ ಹೋಗ್ತಾ ಇದೆ. 3 ಫ್ರೇಮ್ ಅಂತರದಲ್ಲಿ ಹಿಂದಿನ ಚಕ್ರ 300ನೇ ಪಿಕ್ಸೆಲ್‌ನಿಂದ 570ಕ್ಕೆ, ಮುಂದಿನ ಚಕ್ರ 483ರಿಂದ 718ಕ್ಕೆ ಬಂದಿದೆ. ವಿಡಿಯೊ ಸೆಕೆಂಡಿಗೆ 12.5 ಫ್ರೇಮಿನದು. ಮೊದಲ ಫ್ರೇಮಿನ ಅಳತೆ ಹಿಡಿದರೆ 54 ಕಿ.ಮೀ. ವೇಗ ಬರುತ್ತೆ, ಎರಡನೆಯದು ಹಿಡಿದರೆ 67. ಎಲ್ಲಿ ತಪ್ಪಿದೆ?

ಉತ್ತರ:

ಎರಡೂ ಸರಿಯಲ್ಲ. ನಿಮ್ಮ ಅಂಕಿಗಳಿಂದ ಬರುವ ವೇಗ ಗಂಟೆಗೆ ಸುಮಾರು 56 ಕಿ.ಮೀ.

ಮೊದಲ ಫ್ರೇಮಿನಲ್ಲಿ ಎರಡು ಚಕ್ರಗಳ ನಡುವೆ 183 ಪಿಕ್ಸೆಲ್ ಇದೆ, ಎರಡನೆಯದರಲ್ಲಿ 148 ಮಾತ್ರ. ಕಾರು ಕುಗ್ಗಿಲ್ಲ, ದೂರ ಹೋಗಿದೆ. ಸ್ವಿಫ್ಟ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ನಿಜವಾದ ಅಂತರ, 2450 ಮಿ.ಮೀ. ಹಾಗಾಗಿ ಮೊದಲಲ್ಲಿ ಒಂದು ಪಿಕ್ಸೆಲ್ಲಿಗೆ 13.4 ಮಿ.ಮೀ., ಆಮೇಲೆ 16.6 ಮಿ.ಮೀ. ಕಾರು ಸಾಗಿದ ದಾರಿಯುದ್ದಕ್ಕೂ ಈ ಅಳತೆ ಬದಲಾಗುತ್ತಲೇ ಇತ್ತು. ಹಿಂದಿನ ಚಕ್ರ ಸರಿದ 270 ಪಿಕ್ಸೆಲ್ಲನ್ನು ಇವೆರಡರಲ್ಲಿ ಯಾವುದರಿಂದ ಗುಣಿಸಿದರೂ ತಪ್ಪೇ ಬರುತ್ತದೆ. ಮುಂದಿನ ಚಕ್ರವನ್ನು ಮೊದಲ ಫ್ರೇಮಿನ ಅಳತೆಯಲ್ಲಿ ನೋಡಿದರೆ 47 ಬರುತ್ತದೆ, ಅದೂ ತಪ್ಪು. ಸರಾಸರಿ ತೆಗೆದು ಸಮಾಧಾನ ಪಟ್ಟುಕೊಳ್ಳಬೇಡಿ. ಇದಕ್ಕೆ ಸರಿಯಾದ ದಾರಿಯೇ ಇದೆ.

ಕಾರು ನೇರವಾಗಿ ಹೋಗಿದ್ದರೆ ಚಕ್ರಗಳ ನಾಲ್ಕು ಸ್ಥಾನಗಳೂ ಒಂದೇ ಗೆರೆಯ ಮೇಲಿರುತ್ತವೆ: ಮೊದಲ ಫ್ರೇಮಿನ ಹಿಂಚಕ್ರ A, ಮುಂಚಕ್ರ B, ಎರಡನೇ ಫ್ರೇಮಿನ ಹಿಂಚಕ್ರ C, ಮುಂಚಕ್ರ D. ಒಂದೇ ಗೆರೆಯ ನಾಲ್ಕು ಬಿಂದುಗಳಿಗೆ ಕ್ರಾಸ್ ರೇಶಿಯೋ ಅಂತ ಒಂದು ಅನುಪಾತವಿದೆ. ಕ್ಯಾಮೆರಾ ಯಾವ ಕೋನದಲ್ಲಿದ್ದರೂ, ಹತ್ತಿರವಿದ್ದರೂ ದೂರವಿದ್ದರೂ ಅದು ಬದಲಾಗುವುದಿಲ್ಲ. ರಸ್ತೆಯ ಮೇಲೆ ಮೀಟರಿನಲ್ಲಿ ಎಷ್ಟೋ, ಚಿತ್ರದಲ್ಲಿ ಪಿಕ್ಸೆಲ್ಲಿನಲ್ಲೂ ಅಷ್ಟೇ. ರಸ್ತೆಯ ಮೇಲೆ AB ಮತ್ತು CD ಎರಡೂ ವೀಲ್‌ಬೇಸ್ L, ಕಾರು ಸಾಗಿದ ದೂರ d. ಹಾಗಾಗಿ ಲೆಕ್ಕ ಇಷ್ಟಕ್ಕೆ ಇಳಿಯುತ್ತದೆ:

```
k = (AC × BD) / (BC × AD)
d = L × sqrt( k / (k − 1) )
```

ನಿಮ್ಮ ಅಂಕಿಗಳಲ್ಲಿ AC 270, BD 235, BC 87, AD 418. k ಬರುವುದು 1.745. ಅದನ್ನು 0.745ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.53. ಈಗಿನ ಸ್ವಿಫ್ಟ್‌ನ ವೀಲ್‌ಬೇಸ್ 2450 ಮಿ.ಮೀ., ಆದ್ದರಿಂದ ಕಾರು ಸಾಗಿದ್ದು 3.75 ಮೀಟರ್. ಮೂರು ಫ್ರೇಮ್ ಅಂದರೆ 0.24 ಸೆಕೆಂಡ್. ಸೆಕೆಂಡಿಗೆ 15.6 ಮೀಟರ್, 3.6ರಿಂದ ಗುಣಿಸಿದರೆ 56. ಗೆರೆ ಚಿತ್ರದಲ್ಲಿ ಓರೆಯಾಗಿದ್ದರೂ ಅಡ್ಡ ಅಳತೆಯೊಂದೇ ಸಾಕು, ಏಕೆಂದರೆ ಅನುಪಾತ ಅದರಲ್ಲೂ ಅಷ್ಟೇ ಉಳಿಯುತ್ತದೆ.

ನೀವು ಬಂಪರಿನಿಂದ ಬಂಪರಿಗೆ ಅಳೆಯದೆ ಚಕ್ರ ಹಿಡಿದದ್ದು ಒಳ್ಳೆಯದಾಯಿತು. ಬಂಪರಿನ ಅಂಚು ಬಾಗಿರುತ್ತದೆ, ಓರೆಯಿಂದ ನೋಡಿದಾಗ ಅದರ ತುದಿ ಎಲ್ಲಿ ಅಂತ ಹೇಳುವುದೇ ಕಷ್ಟ, ಮೇಲೆ ಗಾರ್ಡ್ ಹಾಕಿಸಿದ್ದರೆ ಉದ್ದವೇ ಬೇರೆ. ಚಕ್ರದ ನಡುವಿನ ಹಬ್ ಚಿತ್ರದಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ನಾಲ್ಕೂ ಕಡೆ ಹಬ್ಬನ್ನೇ ಹಿಡಿಯಿರಿ, ಒಂದು ಕಡೆ ಹಬ್ ಇನ್ನೊಂದು ಕಡೆ ಟಯರ್ ನೆಲ ಮುಟ್ಟುವ ಜಾಗ ಅಂತ ಬೆರೆಸಬೇಡಿ. ಯಾವ ತಲೆಮಾರಿನ ಕಾರು ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. 2018ರಲ್ಲಿ ಬಂದ ತಲೆಮಾರಿನದೂ 2450, ಅದಕ್ಕೂ ಹಿಂದಿನ ತಲೆಮಾರಿನ ಸ್ವಿಫ್ಟ್‌ನದು 2430 ಮಿ.ಮೀ., ಅದಕ್ಕೂ ಹಳೆಯದರದು 2390.

ಗುರುತು ಹಾಕುವಾಗ ಕೈ ತಪ್ಪಿದರೆ ಏನಾಗುತ್ತೆ ನೋಡಿ. C ಒಂದರಲ್ಲಿ 2 ಪಿಕ್ಸೆಲ್ ಹೆಚ್ಚಾದರೆ ವೇಗ 56.8 ಆಗುತ್ತದೆ. ಅದರ ಜೊತೆಗೆ B ಕೂಡ 2 ಪಿಕ್ಸೆಲ್ ಕಡಿಮೆಯಾದರೆ 57.4. ಇದು ಪರವಾಗಿಲ್ಲ. ಆದರೆ ದೂರದೂರದ ಫ್ರೇಮ್ ಆರಿಸಿಕೊಂಡರೆ ಈ ಸೂತ್ರ ಕೈಕೊಡುತ್ತದೆ. ಕಾರು ವೀಲ್‌ಬೇಸಿನ ಮೂರು ಪಟ್ಟು ಸಾಗಿದ್ದರೆ k ಒಂದರ ಹತ್ತಿರಕ್ಕೆ ಬಂದುಬಿಡುತ್ತದೆ, ಆಗ k 0.01ರಷ್ಟು ಅಲುಗಿದರೂ ಉತ್ತರ ಸುಮಾರು ಶೇ 4ರಷ್ಟು ಅಲುಗುತ್ತದೆ. ಒಂದೂವರೆ ಪಟ್ಟಿನ ಆಸುಪಾಸು ಸಾಗಿದ ಜೋಡಿಯೇ ಚೆನ್ನ. ನಿಮ್ಮದು ಸರಿಯಾಗಿ ಅಲ್ಲೇ ಇದೆ.

ನಾಲ್ಕು ಹಬ್ಬುಗಳ ಮೇಲೆ ಒಂದು ಗೆರೆ ಎಳೆದು ನೋಡಿ. ಯಾವುದಾದರೂ ಗೆರೆ ಬಿಟ್ಟು ನಿಂತಿದ್ದರೆ ಕಾರು ತಿರುಗಿದೆ, ಇಲ್ಲವೇ ಅಗಲ ಕೋನದ ಲೆನ್ಸ್ ಗೆರೆಯನ್ನು ಬಾಗಿಸಿದೆ. 2.8 ಮಿ.ಮೀ. ಲೆನ್ಸಿನ ಕ್ಯಾಮೆರಾಗಳಲ್ಲಿ ಅಂಚಿನ ಕಡೆ ಇದು ಚೆನ್ನಾಗಿಯೇ ಕಾಣುತ್ತದೆ. ಅಂಥ ಫ್ರೇಮ್ ಬಿಟ್ಟು, ಕಾರು ಚಿತ್ರದ ನಡುವೆ ಇರುವ ಜೋಡಿ ಹುಡುಕಿ.

ನಿಜವಾಗಿ ನನಗೆ ಹೆಚ್ಚು ಅನುಮಾನ ಇರುವುದು ಸಮಯದ ಮೇಲೆ. 12.5 ಅನ್ನುವುದು ಫೈಲಿನ ಮೇಲೆ ಬರೆದ ಸಂಖ್ಯೆ, ಪ್ರತಿ ಫ್ರೇಮೂ ಅದಕ್ಕೆ ಸರಿಯಾಗಿ ಬಂದಿದೆ ಅಂತ ಅರ್ಥವಲ್ಲ. ನಡುವೆ ಒಂದು ಫ್ರೇಮ್ ಬಿದ್ದುಹೋಗಿದ್ದರೆ ನಿಜವಾದ ಸಮಯ 0.32 ಸೆಕೆಂಡ್, ವೇಗ 42. ಅದೇ ವಿಡಿಯೊವನ್ನು 25 ಫ್ರೇಮಿನದು ಅಂದುಕೊಂಡರೆ ವೇಗ ನೇರವಾಗಿ ಎರಡು ಪಟ್ಟು, 112. ಡಿವಿಆರ್‌ನಿಂದ ನೇರವಾಗಿ ತೆಗೆದ ಫೈಲ್ ಬೇಕು. ವಾಟ್ಸಾಪ್‌ನಲ್ಲಿ ಬಂದದ್ದು, ಮಾನಿಟರಿಗೆ ಮೊಬೈಲ್ ಹಿಡಿದು ತೆಗೆದದ್ದು ಲೆಕ್ಕಕ್ಕೆ ಆಗುವುದಿಲ್ಲ. ಪ್ರತಿ ಫ್ರೇಮಿನ ಸಮಯ ಹೀಗೆ ತೆಗೆಯಿರಿ:

```
ffprobe -v error -select_streams v:0 -show_entries frame=pts_time -of csv=p=0 clip.mp4
```

41.36, 41.44, 41.52, 41.60 ಅಂತ ಸಮನಾಗಿ 0.08 ಅಂತರದಲ್ಲಿ ಬರಬೇಕು. ಎಲ್ಲಾದರೂ 0.16 ಕಂಡರೆ ಅಲ್ಲಿ ಒಂದು ಫ್ರೇಮ್ ಇಲ್ಲ. ಕೆಲವು ರೆಕಾರ್ಡರುಗಳು ಫ್ರೇಮ್ ಬಿದ್ದರೂ ಸಮಯವನ್ನು ಸಮನಾಗಿ ಬರೆದುಬಿಡುತ್ತವೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ನಡುವಿನ ಎರಡು ಫ್ರೇಮುಗಳಲ್ಲೂ ಹಬ್ ಗುರುತಿಸಿ. ದೂರ ಹೋಗುವ ಕಾರಿನ ಹೆಜ್ಜೆ ಪಿಕ್ಸೆಲ್ಲಿನಲ್ಲಿ ನಿಧಾನವಾಗಿ ಕಿರಿದಾಗುತ್ತಾ ಬರಬೇಕು. ಒಂದು ಹೆಜ್ಜೆ ಪಕ್ಕದ್ದರ ಎರಡರಷ್ಟಿದ್ದರೆ ಫ್ರೇಮ್ ಬಿದ್ದಿದೆ, ಕಾರು ಕದಲದೇ ಇದ್ದರೆ ಅದೇ ಫ್ರೇಮ್ ಎರಡು ಸಲ ಬಂದಿದೆ. ಪರದೆ ಮೇಲಿನ ಗಡಿಯಾರದ 10 ಸೆಕೆಂಡಿನಲ್ಲಿ 125 ಫ್ರೇಮ್ ಇವೆಯೇ ಅಂತಲೂ ಎಣಿಸಿ.

ರಾತ್ರಿಯ ದೃಶ್ಯವಾದರೆ ಮಸುಕು ಇರುತ್ತದೆ. ಶಟರ್ 1/30 ಸೆಕೆಂಡ್ ತೆರೆದಿದ್ದರೆ ಈ ವೇಗದಲ್ಲಿ ಕಾರು ಅಷ್ಟರಲ್ಲೇ ಅರ್ಧ ಮೀಟರ್ ಸರಿದಿರುತ್ತದೆ. ಆಗ ಎರಡೂ ಫ್ರೇಮಿನಲ್ಲಿ ಮಸುಕಿನ ಒಂದೇ ತುದಿಯನ್ನು, ಮುಂದಿನದಾದರೆ ಮುಂದಿನದನ್ನೇ, ಹಿಡಿಯಿರಿ. ಇನ್ನು ಬರುವುದು ಆ 0.24 ಸೆಕೆಂಡಿನ ಸರಾಸರಿ ವೇಗ. ಗಟ್ಟಿಯಾಗಿ ಬ್ರೇಕ್ ಒತ್ತಿದ್ದರೆ ಅಷ್ಟರಲ್ಲೇ 6 ಕಿ.ಮೀ. ಇಳಿದಿರಬಹುದು, ಬ್ರೇಕ್ ಲೈಟ್ ಹತ್ತಿದೆಯೇ ನೋಡಿ.

ಫ್ರೇಮಿನ ಸಮಯ 0.01 ಸೆಕೆಂಡ್ ಆಚೀಚೆ ಆದ ಮಾತ್ರಕ್ಕೆ 2 ಕಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಪಿಕ್ಸೆಲ್ ತಪ್ಪನ್ನೂ ಸೇರಿಸಿ ನಾನು ಇದನ್ನು 56, ನಾಲ್ಕು ಹೆಚ್ಚು ಅಥವಾ ಕಡಿಮೆ ಅಂತ ಬರೆಯುತ್ತೇನೆ, 56.2 ಅಂತ ಅಲ್ಲ. ಇದನ್ನು ಪೊಲೀಸರಿಗೆ ಕೊಡುವುದಿದ್ದರೆ ಅದೇ ಕ್ಯಾಮೆರಾದ ಮುಂದೆ, ಅದೇ ಗೆರೆಯಲ್ಲಿ, ಜಿಪಿಎಸ್ ನೋಡಿಕೊಂಡು 40ರ ಸಮವೇಗದಲ್ಲಿ ಗೊತ್ತಿರುವ ಕಾರೊಂದನ್ನು ಓಡಿಸಿ, ಇದೇ ಲೆಕ್ಕ ಮಾಡಿ. 40ರ ಬದಲು 44 ಬಂದರೆ ಲೆನ್ಸಿನದೋ ಗಡಿಯಾರದ್ದೋ ತಪ್ಪು ಶೇ 10ರಷ್ಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ.